ಮೂರು ಶೈಲಿಗಳಲ್ಲಿ ಒಂದೇ ಶಾಟ್: ಕಾಗಕ್ಕ ಗುಬ್ಬಕ್ಕನ ಅನಿಮೇಷನ್‌ಗೆ ನಾವು ದಾರಿ ಹುಡುಕಿದ ಬಗೆ

ಕಾಗಕ್ಕ ಗುಬ್ಬಕ್ಕನ ಕಥೆಯನ್ನು 4 ನಿಮಿಷಗಳ ಅನಿಮೇಷನ್ ಚಿತ್ರವಾಗಿ ಮಾಡಬೇಕೆಂದು ಹೊರಟಾಗ ನಾವು ಇದ್ದದ್ದು ಮೂವರು. ಮೂವರಿಗೂ ಹೊಟ್ಟೆಪಾಡಿನ ಬೇರೆ ಕೆಲಸವಿದ್ದುದರಿಂದ ತಲಾ ವಾರಕ್ಕೆ 15 ಗಂಟೆಗಿಂತ ಹೆಚ್ಚು ಸಮಯ ಸಿಗುವಂತಿರಲಿಲ್ಲ. ಕೈಯಲ್ಲಿದ್ದ ಅಲ್ಪಸ್ವಲ್ಪ ಹಣವನ್ನು ಧ್ವನಿ ಕಲಾವಿದರಿಗೆ ಮತ್ತು ಸಂಗೀತಕ್ಕೆಂದು ಎತ್ತಿಟ್ಟಿದ್ದೆವು. ಅನಿಮೇಷನ್‌ಗೆ 10 ವಾರ, ಅಂದರೆ ಮೂವರದ್ದೂ ಸೇರಿ 450 ಗಂಟೆ. ಇದು ನಮ್ಮ ನಿಜವಾದ ಬಂಡವಾಳವಾಗಿತ್ತು.

ಕೈಯಿಂದ ಬಿಡಿಸುವುದೋ, ಬಿಡಿ ತುಂಡುಗಳನ್ನು ಜೋಡಿಸಿ ಆಡಿಸುವ ಕಟ್-ಔಟ್ ಶೈಲಿಯೋ, ತ್ರೀಡಿಯೋ ಎಂಬ ಚರ್ಚೆ ಮೊದಲ ವಾರ ಬರೀ ಅಭಿರುಚಿಯ ಜಗಳವಾಗಿ ಕಳೆಯಿತು. ಹಿಂದೊಮ್ಮೆ ಗ್ರಾಹಕರ ಆಸೆಗೆ ಕಟ್ಟುಬಿದ್ದು ಒಂದು ಪುಟ್ಟ ಜಾಹೀರಾತನ್ನು ತ್ರೀಡಿಯಲ್ಲಿ ಒಪ್ಪಿಕೊಂಡು, ಪಾತ್ರದ ಸೀರೆಯ ಸೆರಗು ಪ್ರತಿ ಹೆಜ್ಜೆಗೂ ಮೊಣಕಾಲಿನೊಳಗೆ ತೂರಿಕೊಳ್ಳುವುದನ್ನು ಸರಿಪಡಿಸುತ್ತ ಎರಡು ವಾರ ಕಳೆದಿದ್ದವನು ನಾನು. ಆದ್ದರಿಂದ ಈ ಬಾರಿ ಬಾಯಿಮಾತಿನ ತೀರ್ಮಾನ ಬೇಡವೆಂದು, ಒಂದೇ ಶಾಟ್ ಅನ್ನು ಮೂರೂ ಬಗೆಯಲ್ಲಿ ಮಾಡಿ ಗಡಿಯಾರ ಇಟ್ಟು ಅಳೆಯೋಣ ಎಂದೆ.

ಆರಿಸಿಕೊಂಡ ಶಾಟ್ 5 ಸೆಕೆಂಡಿನದು. ಹೊರಗೆ ಮಳೆ ಸುರಿಯುತ್ತಿದೆ, ಬಾಗಿಲು ತಟ್ಟಿದ ಸದ್ದಿಗೆ ಗುಬ್ಬಕ್ಕ ತೊಟ್ಟಿಲು ತೂಗುವುದನ್ನು ನಿಲ್ಲಿಸಿ, ಕತ್ತು ತಿರುಗಿಸಿ, ಎರಡು ಕುಪ್ಪಳಿಕೆಯಲ್ಲಿ ಬಾಗಿಲಿನ ಬಳಿಗೆ ಬರುತ್ತಾಳೆ. ಪರೀಕ್ಷೆಗೆ ಸುಲಭದ ಶಾಟ್ ತೆಗೆದುಕೊಂಡರೆ ಮೂರೂ ಶೈಲಿಗಳು ಅಗ್ಗವಾಗಿಯೇ ಕಾಣುತ್ತವೆ. ಕತ್ತು ತಿರುಗುವುದು, ದೇಹದ ಭಾರ ಕಾಲಿನ ಮೇಲೆ ಬೀಳುವುದು, ಪಾತ್ರ ಒಂದು ವಸ್ತುವನ್ನು ಮುಟ್ಟುವುದು ಇರುವ ಶಾಟ್‌ನಲ್ಲಿ ಮಾತ್ರ ಅವುಗಳ ನಿಜವಾದ ಬೆಲೆ ತಿಳಿಯುತ್ತದೆ.

ಕೈಚಿತ್ರವನ್ನು ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿದೆವು. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರ ಎರಡು ಫ್ರೇಮ್‌ಗಳ ಕಾಲ ನಿಲ್ಲುವಂತೆ ಲೆಕ್ಕ ಹಾಕಿದರೂ 5 ಸೆಕೆಂಡಿಗೆ 60 ಚಿತ್ರ. ಕರಡು, ಅಂತಿಮ ಗೆರೆ, ಬಣ್ಣ ಎಲ್ಲ ಸೇರಿ ಚಿತ್ರವೊಂದಕ್ಕೆ ಸರಾಸರಿ 25 ನಿಮಿಷ ಹಿಡಿದು ಒಟ್ಟು 25 ಗಂಟೆಯಾಯಿತು. ಮೂರರಲ್ಲಿ ನೋಡಲು ಚೆಂದವಿದ್ದದ್ದು ಇದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೈಚಿತ್ರದಲ್ಲಿ ಮೊದಲ ಸೆಕೆಂಡಿಗೆ ಆದ ಖರ್ಚೇ ಕೊನೆಯ ಸೆಕೆಂಡಿಗೂ ಆಗುತ್ತದೆ. ನಮ್ಮ 240 ಸೆಕೆಂಡುಗಳಲ್ಲಿ ಒಂದಲ್ಲ ಒಂದು ಹಕ್ಕಿ ಚಲಿಸುವ ಭಾಗ 144 ಸೆಕೆಂಡು; ಸೆಕೆಂಡಿಗೆ 5 ಗಂಟೆಯಂತೆ 720 ಗಂಟೆ. ಆ ದಾರಿ ಅಲ್ಲಿಗೇ ಮುಚ್ಚಿತು.

ತ್ರೀಡಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಹಕ್ಕಿಯ ಮಾದರಿ ಕಟ್ಟಿ, ಅದನ್ನು ಆಡಿಸಲು ಒಳಗೆ ಮೂಳೆಗಳ ಚೌಕಟ್ಟು, ಅಂದರೆ ರಿಗ್ ಕೂರಿಸಿ, ರೆಕ್ಕೆ ಮಡಿಸಿದಾಗ ಗರಿಗಳು ಮೈಯೊಳಗೆ ಹೋಗದಂತೆ ಮಾಡುವುದಕ್ಕೆ 80 ಗಂಟೆ; ಕಾಗಕ್ಕನಿಗೂ ಅಷ್ಟೇ. ಎರಡು ಮನೆ ಮತ್ತು ಮಳೆಗೆ 60 ಗಂಟೆಯ ಅಂದಾಜು. ಆ ಶಾಟ್‌ನ ಚಲನೆಗೆ 10 ಗಂಟೆ ಹಿಡಿದಿದ್ದರಿಂದ 144 ಸೆಕೆಂಡಿಗೆ 288. ಒಟ್ಟು 508 ಗಂಟೆ. ಇದನ್ನು ಹೇಗಾದರೂ ಹಿಂಡಿ 450ಕ್ಕೆ ಇಳಿಸಬಹುದಿತ್ತೇನೋ. ನಮ್ಮನ್ನು ಹಿಂದೆ ಸರಿಯುವಂತೆ ಮಾಡಿದ್ದು ರೆಂಡರ್, ಅಂದರೆ ಕಂಪ್ಯೂಟರ್ ಪ್ರತಿ ಫ್ರೇಮನ್ನೂ ಅಂತಿಮ ಚಿತ್ರವಾಗಿಸುವ ಕೆಲಸ. ನಮ್ಮ ಒಂದೇ ಕಂಪ್ಯೂಟರ್‌ನಲ್ಲಿ ಫ್ರೇಮ್‌ಗೆ 6 ನಿಮಿಷ ಬೇಕಾಗಿ, ಸಂಜೆ 7ಕ್ಕೆ ಹಚ್ಚಿದ 120 ಫ್ರೇಮ್‌ಗಳು ಬೆಳಿಗ್ಗೆ 7ಕ್ಕೆ ಮುಗಿದವು. ಇಡೀ ಚಿತ್ರದ 5,760 ಫ್ರೇಮ್‌ಗಳಿಗೆ ಹಗಲು ರಾತ್ರಿ ಓಡಿಸಿದರೂ 24 ದಿನ. ಅದೂ ಒಂದೂ ತಪ್ಪಿಲ್ಲದೆ ಮೊದಲ ಸಲವೇ ಸರಿಬಂದರೆ.

ಕಟ್-ಔಟ್‌ಗೆ ಓಪನ್‌ಟೂನ್ಜ್ ಎಂಬ ಅನಿಮೇಷನ್ ಸಾಫ್ಟ್‌ವೇರ್ ಬಳಸಿದೆವು. ಮೊದಲ ಯತ್ನ ಕೆಟ್ಟದಾಗಿತ್ತು, ಅದಕ್ಕೆ ಕಾರಣ ನಮ್ಮ ದುರಾಸೆ: ಒಂದೇ ಗೊಂಬೆ ಎಲ್ಲ ಕಡೆಗೂ ತಿರುಗಬೇಕು, ಎಲ್ಲ ಭಾವವನ್ನೂ ತೋರಬೇಕು ಎಂದು ಹೊರಟಿದ್ದೆವು. ಆಗ ತಂಡದ ಗೆಳತಿಯೊಬ್ಬಳು ತೊಗಲುಗೊಂಬೆಯಾಟವನ್ನು ನೆನಪಿಸಿದಳು. ಅಲ್ಲಿ ಒಂದೇ ಪಾತ್ರಕ್ಕೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳಿರುತ್ತವೆ. ಆಡಿಸುವವರು ಒಂದನ್ನು ತೆಗೆದು ಇನ್ನೊಂದನ್ನು ಪರದೆಗೆ ತರುತ್ತಾರೆ, ನೋಡುವವರಿಗೆ ಅದು ಅಡ್ಡಿಯೆನಿಸುವುದಿಲ್ಲ. ನಾವೂ ಪ್ರತಿ ಹಕ್ಕಿಗೆ ಪಕ್ಕದ ನೋಟ, ಮುಕ್ಕಾಲು ನೋಟ, ಬೆನ್ನಿನ ನೋಟ ಎಂದು ಮೂರು ಸರಳ ಗೊಂಬೆಗಳನ್ನು ಮಾಡಿಕೊಂಡೆವು. ಹಕ್ಕಿಯೊಂದಕ್ಕೆ 40 ಗಂಟೆ. ನಂತರ ಅದೇ ಶಾಟ್ 4 ಗಂಟೆಯಲ್ಲಿ ಮುಗಿಯಿತು. 144 ಸೆಕೆಂಡಿಗೆ ಸುಮಾರು 115 ಗಂಟೆ, ಗೊಂಬೆ ತಯಾರಿಯ 80 ಸೇರಿ 195.

ಲೆಕ್ಕ ಒಪ್ಪಿತು, ಚಿತ್ರ ಒಪ್ಪಲಿಲ್ಲ. ಗುಬ್ಬಕ್ಕ ನೀರೊಳಗೆ ತೇಲುತ್ತಿರುವಂತೆ ಕಾಣುತ್ತಿದ್ದಳು. ಎರಡು ಭಂಗಿಗಳ ನಡುವಿನ ಚಲನೆಯನ್ನು ಸಾಫ್ಟ್‌ವೇರ್ ತಾನೇ ನುಣುಪಾಗಿ ತುಂಬುತ್ತದೆ, ದೇಹದ ಎಲ್ಲ ಭಾಗಗಳೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತವೆ; ಕಟ್-ಔಟ್ ಅಗ್ಗವಾಗಿ ಕಾಣುವುದಕ್ಕೆ ಮುಖ್ಯ ಕಾರಣವೇ ಇದು. ಪಾತ್ರಕ್ಕೆ ಪೂರ್ತಿ ಕಪ್ಪು ತುಂಬಿ, ಸದ್ದಿಲ್ಲದೆ ಓಡಿಸಿ, ಕಾಲನ್ನಷ್ಟೇ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ: ನೆಲಕ್ಕೆ ತಾಗಿದ ಪಾದ ಜಾರುತ್ತಿರುತ್ತದೆ. ಪರಿಹಾರವಾಗಿ, ಸಾಫ್ಟ್‌ವೇರ್ ತುಂಬಿದ್ದನ್ನು ತೆಗೆದುಹಾಕಿ ಕೈಚಿತ್ರದಂತೆಯೇ ಪ್ರತಿ ಎರಡು ಫ್ರೇಮ್‌ಗೆ ಒಂದು ಭಂಗಿ ಇಟ್ಟೆವು, ಮತ್ತು ತಲೆ ಮೊದಲು, ಮೈ ಎರಡು ಭಂಗಿ ತಡವಾಗಿ, ಬಾಲ ಎಲ್ಲಕ್ಕಿಂತ ಕೊನೆಗೆ ಹೊರಡುವಂತೆ ಮಾಡಿದೆವು. ರೆಕ್ಕೆಯ ಕೀಲಿನಲ್ಲಿ ಬಿರುಕು ಬಿಡುತ್ತಿದ್ದುದಕ್ಕೆ ಎರಡೂ ತುಂಡುಗಳ ತುದಿಯನ್ನು ಒಂದೇ ಅಳತೆಯ ವೃತ್ತವಾಗಿ ಬಿಡಿಸಿ, ಒಂದರ ಮೇಲೊಂದು ಕೂರಿಸಿ, ಕೀಲನ್ನು ಸರಿಯಾಗಿ ವೃತ್ತದ ನಡುವಿಗೆ ತಂದೆವು. ಕೊಕ್ಕಿಗೆ ಮಾತ್ರ ಪುಣ್ಯಕ್ಕೆ ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು ಎಂಬ ಮೂರೇ ಆಕಾರ ಸಾಕಾದವು. ಮನುಷ್ಯರ ತುಟಿಯಾಗಿದ್ದರೆ ಈ ಲೆಕ್ಕವೇ ಬೇರೆಯಾಗುತ್ತಿತ್ತು.

ಕತ್ತು ತಿರುಗಿಸುವುದು ಕಟ್-ಔಟ್‌ಗೆ ಒಗ್ಗುವುದಿಲ್ಲವೆಂದು ಒಪ್ಪಿಕೊಂಡೆವು. ಚಿತ್ರದಲ್ಲಿ ಅಂಥ 14 ತಿರುವುಗಳಿದ್ದವು. ಪ್ರತಿಯೊಂದರಲ್ಲೂ ಹಕ್ಕಿ ಕಣ್ಣು ಮಿಟುಕಿಸುವ ಹೊತ್ತಿಗೆ ಎರಡು ಕೈಚಿತ್ರಗಳನ್ನು ಸೇರಿಸಿ, ಆಚೆ ಬದಿಯಲ್ಲಿ ಬೇರೆ ಗೊಂಬೆಯನ್ನು ಹಿಡಿದೆವು. 28 ಚಿತ್ರ, ಸುಮಾರು 12 ಗಂಟೆ. ಕಾಗಕ್ಕನ ಸಗಣಿಯ ಮನೆ ಮಳೆಗೆ ಕರಗಿ ಹರಿದುಹೋಗುವ 6 ಸೆಕೆಂಡನ್ನು ಯಾವ ಗೊಂಬೆಯಿಂದಲೂ ಮಾಡಲಾಗದು. ಅದನ್ನು ಪೂರ್ತಿ ಕೈಯಿಂದಲೇ ಬಿಡಿಸಿದೆವು. ನೀರು ಮತ್ತು ಕೆಸರಿಗೆ ಕರಡು ಗೆರೆಯೇ ಸೊಗಸಾಗಿದ್ದುದರಿಂದ ತಿದ್ದುವ ಗೋಜಿಗೆ ಹೋಗದೆ ಚಿತ್ರಕ್ಕೆ 10 ನಿಮಿಷದಂತೆ 72 ಚಿತ್ರಗಳು 12 ಗಂಟೆಯಲ್ಲಿ ಆದವು. ಚಿತ್ರ ನೋಡಿದವರೆಲ್ಲ ಮೊದಲು ಕೇಳುವುದು ಈ ಶಾಟ್ ಬಗ್ಗೆಯೇ. ತ್ರೀಡಿ ಉಳಿದದ್ದು ಒಂದೇ ಕಡೆ: ಗುಬ್ಬಕ್ಕನ ಮನೆಯನ್ನು ಕ್ಯಾಮೆರಾ ಸುತ್ತುವ ಶಾಟ್‌ಗೆ ಬ್ಲೆಂಡರ್‌ನಲ್ಲಿ ಬರೀ ಪೆಟ್ಟಿಗೆಗಳಿಂದ ಮನೆ ಕಟ್ಟಿ, ಅದರ ಮೇಲೆ ಹಿನ್ನೆಲೆಯ ಚಿತ್ರ ಬಿಡಿಸಿದೆವು.

ನಾವು ಮಾಡಿದ ದೊಡ್ಡ ತಪ್ಪು ಐದನೆಯ ವಾರದ್ದು. ಕಾಗಕ್ಕನ ಶಾಲಿನ ಬಣ್ಣ ಬದಲಿಸಬೇಕೆನಿಸಿದಾಗ ಒಂದೇ ಫೈಲ್ ತಿದ್ದಿ, ಮುಗಿದಿದ್ದ ಎಲ್ಲ ಶಾಟ್‌ಗಳಲ್ಲೂ ಅದು ತಾನೇ ಬದಲಾದದ್ದನ್ನು ಕಂಡು ಹಿಗ್ಗಿದೆವು. ಅದೇ ಹುರುಪಿನಲ್ಲಿ ಗುಬ್ಬಕ್ಕನ ತಲೆಯನ್ನು ಕೊಂಚ ದೊಡ್ಡದು ಮಾಡಿ, ಕತ್ತಿನ ಕೀಲನ್ನು ಮೇಲಕ್ಕೆ ಸರಿಸಿದೆವು. ಬಣ್ಣ ಕೇವಲ ಹೊದಿಕೆ, ಆದರೆ ಕೀಲು ಅಲ್ಲಿಯವರೆಗೆ ಇಟ್ಟ ಪ್ರತಿಯೊಂದು ಭಂಗಿಗೂ ಅಡಿಪಾಯ. ಅವಳಿದ್ದ ಎಲ್ಲ ಶಾಟ್‌ಗಳಲ್ಲೂ ತಲೆ ಹೆಗಲಿನಿಂದ ಕಳಚಿ ನಿಂತಿತು. ಹಳೆಯ ಫೈಲ್ ಅನ್ನು ಬೇರೆಡೆ ಉಳಿಸಿಟ್ಟಿರಲಿಲ್ಲ. ಅದನ್ನು ಸರಿಪಡಿಸಲು 30 ಗಂಟೆ ಹಿಡಿದು, ಕೊನೆಗೆ ಅನಿಮೇಷನ್ ಸುಮಾರು 250 ಗಂಟೆಗೆ ಮುಗಿಯಿತು. ಉಳಿದ 200 ಗಂಟೆಗಳಲ್ಲಿ ಹೆಚ್ಚಿನ ಪಾಲನ್ನು ಹಿನ್ನೆಲೆ ಚಿತ್ರಗಳೂ ಮಳೆಯ ಸದ್ದೂ ತಿಂದವು.