ಹೋಂಸ್ಟೇ ನೋಟೀಸ್ ಬರೆಯೋರಿಗೆ
ದುಡ್ಡು, ಟೈಮು, ದಂಡದ ವಿಷ್ಯ ಇರೋ ನೋಟೀಸ್ ಗ್ರಾಂಥಿಕದಲ್ಲೇ ಇರ್ಲಿ, ಗೆಸ್ಟ್ ಕೈಲಿ ಏನಾದ್ರೂ ಮಾಡಿಸ್ಬೇಕಾದ ಕಡೆ ಆಡುಮಾತು ಹಾಕಿ. 'ಬೆಳಿಗ್ಗೆ 11 ಗಂಟೆಯೊಳಗೆ ಕೊಠಡಿ ತೆರವುಗೊಳಿಸತಕ್ಕದ್ದು' ಅಂದ್ರೆ ಚೌಕಾಸಿಗೆ ಜಾಗ ಇರಲ್ಲ, 'ಹನ್ನೊಂದಕ್ಕೆ ರೂಮ್ ಬಿಟ್ಕೊಡಿ' ಅಂದ್ರೆ ಇನ್ನರ್ಧ ಗಂಟೆ ಕೇಳೇ ಕೇಳ್ತಾರೆ. ಅದೇ ಮಳೆಗಾಲದಲ್ಲಿ ಬಾಗಿಲ ಹತ್ರ 'ಪಾದರಕ್ಷೆಗಳನ್ನು ಪರಿಶೀಲಿಸತಕ್ಕದ್ದು' ಅಂತ ಹಾಕಿ ನೋಡಿ, ಒಬ್ರೂ ಓದಲ್ಲ, 'ತೋಟದಿಂದ ಬಂದ್ರಾ? ಶೂ ಬಿಚ್ಚಿ ಜಿಗಣೆ ನೋಡ್ಕೊಳ್ಳಿ, ಉಪ್ಪು ಪಕ್ಕದಲ್ಲೇ ಇದೆ' ಅಂದ್ರೆ ಮನೆಯೋರೇ ಎದುರಿಗೆ ನಿಂತು ಹೇಳ್ದಂಗಿರುತ್ತೆ, ನಿಂತು ನೋಡ್ತಾರೆ. ಆದ್ರೆ ತೀರಾ ನಮ್ಮೂರ ಮಾತು ಬರೆದ್ರೆ ಹುಬ್ಬಳ್ಳಿ, ಕಲಬುರಗಿ ಕಡೆಯೋರು ತಡವರಿಸ್ತಾರೆ, ಮತ್ತೆ 'ನೋಡ್ಕೋ' ಅಂತ ಏಕವಚನ ಬಂದ್ರಂತೂ ಕೆಟ್ಟೇ ಹೋಯ್ತು. ಕರೆಂಟ್ ಬೇಲಿಗೆ ಈ ಲೆಕ್ಕಾಚಾರ ಯಾವ್ದೂ ಬೇಡ, 'ಅಪಾಯ, ಮುಟ್ಟಬೇಡಿ' ಅಂತ ದಪ್ಪಕ್ಷರದಲ್ಲಿ ಹಾಕಿದ್ರೆ ಸಾಕು.