ಮೈಕ್ ಪ್ರಚಾರಕ್ಕೆ ದನಿ ಕೊಡುವುದು ಹೇಗೆ? ಕಣ್ಣು ಕಾಣದವರು ಫೋನಿನಲ್ಲೇ ಮಾಡಬಹುದಾದ ಕೆಲಸ

ಶಿರಸಿ ಪೇಟೆಯಲ್ಲಿ ಮೈಕ್ ಕಟ್ಟಿಕೊಂಡು ಹೋಗುವ ರಿಕ್ಷಾದ ದನಿ ನಿಮಗೆ ಗೊತ್ತು. ಯಕ್ಷಗಾನ, ಹೊಸ ಅಂಗಡಿ, ಶಾಲೆಯ ವಾರ್ಷಿಕೋತ್ಸವ, ಎಲ್ಲವನ್ನೂ ಅದು ಸಾರುತ್ತದೆ. ಎಷ್ಟೋ ಸಲ ಆ ದನಿ ರಿಕ್ಷಾದಲ್ಲಿ ಕೂತವರದ್ದಲ್ಲ. ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದ್ದು. ಹಾಗೆ ದನಿ ಕೊಡುವ ಕೆಲಸ ನನ್ನದು. ನನಗೆ ಕಣ್ಣು ಕಾಣುವುದಿಲ್ಲ. ಒಂದು ಆಂಡ್ರಾಯ್ಡ್ ಫೋನ್, ಅದರೊಳಗಿನ ಟಾಕ್‌ಬ್ಯಾಕ್, ಒಂದು ಇಯರ್‌ಫೋನ್, ಇಷ್ಟೇ ನನ್ನ ಸಾಮಾನು. ಫೋನಿನಲ್ಲಿ ಪಾಠ ಹೇಳುವವರು, ಅಂಗಡಿಗೆ ಆರ್ಡರ್ ತೆಗೆದುಕೊಳ್ಳುವವರೂ ಇದ್ದಾರೆ. ನಾನು ಮಾಡಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ.

ಕೆಲಸ ಕೇಳಲು ಸಮಿತಿಯವರ ಹತ್ತಿರ ಹೋಗಬೇಡಿ, ಅವರ ಕಾರ್ಯಕ್ರಮ ವರ್ಷಕ್ಕೊಂದು. ಸೌಂಡ್ಸ್‌ನವರು, ಶಾಮಿಯಾನದವರು, ಹ್ಯಾಂಡ್‌ಬಿಲ್ ಮಾಡುವ ಪ್ರೆಸ್‌ನವರು, ಇವರಿಗೆ ಗಿರಾಕಿ ಬರುತ್ತಲೇ ಇರುತ್ತಾರೆ. ಅರ್ಧ ನಿಮಿಷದ ಎರಡು ಮಾದರಿ ಕಳಿಸಿ: ಒಂದು ಯಕ್ಷಗಾನದ್ದು, ಒಂದು ಅಂಗಡಿಯದ್ದು. ಕಾರವಾರದ ಕಡೆಯವರಾದರೆ ಕೊಂಕಣಿಯಲ್ಲೂ ಒಂದು ಮಾಡಿ. ಭಾನುವಾರದ ಸಂತೆಗೆ ಬರುವವರಲ್ಲಿ ಎರಡೂ ಭಾಷೆಯವರಿರುತ್ತಾರೆ, ಅಲ್ವಾ?

ಮೊನ್ನೆ ಬಂದ ಒಂದು ಕೆಲಸವನ್ನೇ ಹೇಳುತ್ತೇನೆ. ಕಾಲಮಿತಿ ಯಕ್ಷಗಾನ, ಶನಿವಾರ ಸಂಜೆ 6ಕ್ಕೆ. ಸೌಂಡ್ಸ್‌ನವರು ಹ್ಯಾಂಡ್‌ಬಿಲ್‌ನ ಫೋಟೋ ಕಳಿಸಿದರು. ಅಲಂಕಾರದ ಅಕ್ಷರಗಳನ್ನು ಫೋನ್ ಸರಿಯಾಗಿ ಓದುವುದಿಲ್ಲ, ಊರಿನ ಹೆಸರು ಎಡವಟ್ಟಾಗುತ್ತದೆ. ಅದಕ್ಕೇ "ಅಣ್ಣಾ, ಫೋಟೋ ಬೇಡ, ಓದಿ ವಾಯ್ಸ್ ಹಾಕಿ" ಎಂದೆ. ಅದನ್ನು ಕೇಳಿ, ಕನ್ನಡ ಧ್ವನಿ ಟೈಪಿಂಗ್‌ನಲ್ಲಿ ಆರು ವಾಕ್ಯ ಬರೆದು, ಒಪ್ಪಿಗೆಗೆ ವಾಪಸ್ ಕಳಿಸಿದೆ. ಈ ಹೆಜ್ಜೆ ಬಿಡಬೇಡಿ. ಒಮ್ಮೆ ವಾರ ಒಂದು, ತಾರೀಕು ಇನ್ನೊಂದು ಆಗಿ, ರಿಕ್ಷಾ ಅರ್ಧ ಊರು ಸುತ್ತಿದ ಮೇಲೆ ನನಗೆ ಗೊತ್ತಾಯಿತು. ಆಗಿನಿಂದ ಲಿಖಿತ ಒಪ್ಪಿಗೆ ಇಲ್ಲದೆ ಬಾಯಿ ತೆರೆಯುವುದಿಲ್ಲ.

ರೆಕಾರ್ಡಿಂಗ್‌ಗೆ ಬೆಳಗಿನ ಜಾವ ಒಳ್ಳೆಯದು. ಫ್ಯಾನ್ ಆರಿಸಿ, ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಡಿ. ಹಾಸಿಗೆ ಇರುವ ಕೋಣೆಯಾದರೆ ದನಿ ಗುಂಯ್ ಎನ್ನುವುದಿಲ್ಲ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ 'ಪ', 'ಭ' ಬಂದಾಗ ಉಸಿರು ಮೈಕ್‌ಗೆ ಬಡಿಯುತ್ತದೆ. ಆ 'ಢಬ್' ದೊಡ್ಡ ಸ್ಪೀಕರಿನಲ್ಲಿ ಇನ್ನೂ ಜೋರಾಗಿ ಕೇಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ನಮ್ಮ ಟಾಕ್‌ಬ್ಯಾಕೇ. ರೆಕಾರ್ಡ್ ಬಟನ್ ಒತ್ತಿದ ಕೂಡಲೇ ಅದು ಮಾತಾಡಿ, ಆ ಮಾತೂ ಫೈಲಿನೊಳಗೆ ಸೇರುತ್ತದೆ. ಇಯರ್‌ಫೋನ್ ಹಾಕಿದರೆ ಅದು ನಿಮ್ಮ ಕಿವಿಗೆ ಮಾತ್ರ. ಆದರೆ ಮೈಕ್ ಇರುವ ಇಯರ್‌ಫೋನ್ ಆದರೆ ಎಷ್ಟೋ ಫೋನುಗಳು ಆ ಮೈಕಿನಿಂದಲೇ ರೆಕಾರ್ಡ್ ಮಾಡುತ್ತವೆ, ವೈರು ಅಂಗಿಗೆ ತಾಗಿದ ಸದ್ದೂ ಬರುತ್ತದೆ. ನಾನು ಮೈಕ್ ಇಲ್ಲದ್ದನ್ನು ಇಟ್ಟುಕೊಂಡಿದ್ದೇನೆ. ಬಟನ್ ಒತ್ತಿ, ಮನಸ್ಸಿನಲ್ಲೇ ಐದು ಎಣಿಸಿ ಶುರು ಮಾಡುತ್ತೇನೆ. ಆರು ವಾಕ್ಯ ಮೊದಲೇ ಬಾಯಿಪಾಠ ಆಗಿರುತ್ತದೆ. ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ, ನಿಧಾನಕ್ಕೆ, ಎರಡು ಸಲ ಹೇಳುತ್ತೇನೆ. ರಿಕ್ಷಾ ದಾಟಿ ಹೋಗುವಷ್ಟರಲ್ಲಿ ಜನರ ಕಿವಿಗೆ ಬೀಳಬೇಕಲ್ಲ. ತಪ್ಪಿದರೆ ತುಂಡು ಮಾಡಿ ಜೋಡಿಸುವ ಗೋಜಿಗೆ ಹೋಗಬೇಡಿ. ಮುಕ್ಕಾಲು ನಿಮಿಷದ ಮಾತು, ಇನ್ನೊಮ್ಮೆ ಹೇಳಿಬಿಡಿ.

ಮುಗಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ದನಿ ಕುಗ್ಗುತ್ತದೆ. ಅಟ್ಯಾಚ್ ಒತ್ತಿ, 'ಡಾಕ್ಯುಮೆಂಟ್' ಆಗಿ ಕಳಿಸಿ. ಫೈಲ್ ಎಂಪಿ3 ಆಗಿರಲಿ, ಅದನ್ನು ಆರಿಸಲು ಬಿಡುವ ರೆಕಾರ್ಡರ್ ಆದರೆ ಸೆಟ್ಟಿಂಗ್ಸ್‌ನಲ್ಲೇ ಆರಿಸಿಡಿ. ಬೇರೆ ಬಗೆಯ ಫೈಲನ್ನು ರಿಕ್ಷಾದ ಹಳೆಯ ಆಂಪ್ಲಿಫೈಯರ್ ಎಷ್ಟೋ ಸಲ ಹಾಡುವುದೇ ಇಲ್ಲ.

ನಾನು ಒಂದಕ್ಕೆ 300 ರೂಪಾಯಿ ತೆಗೆದುಕೊಳ್ಳುತ್ತೇನೆ, ಕೊಂಕಣಿಯಲ್ಲೂ ಬೇಕಾದರೆ 500. ಒಪ್ಪಿದ ಬರಹವನ್ನು ಅವರೇ ಬದಲಿಸಿದರೆ ಮತ್ತೆ 100. ಇದನ್ನು ಮೊದಲೇ ಹೇಳಿಬಿಡಬೇಕು. ಯಕ್ಷಗಾನ, ಜಾತ್ರೆಗಳ ಕಾಲದಲ್ಲಿ ವಾರಕ್ಕೆ ಮೂರ್ನಾಲ್ಕು ಬರುತ್ತವೆ. ಜೂನ್, ಜುಲೈ ಮಳೆಯಲ್ಲಿ ಕೈ ಖಾಲಿ, ಚೌತಿ ಹತ್ತಿರ ಬಂದಾಗ ಮತ್ತೆ ಶುರು. ಇದೊಂದನ್ನೇ ನಂಬಿ ಮನೆ ನಡೆಸಲು ಆಗುವುದಿಲ್ಲ.

ನೋಟು ಕೊಟ್ಟರೆ ರಿಸರ್ವ್ ಬ್ಯಾಂಕಿನ 'ಮನಿ' ಆ್ಯಪ್ ತೆರೆದು ಕ್ಯಾಮೆರಾಗೆ ಹಿಡಿಯಿರಿ. ಎಷ್ಟರ ನೋಟು ಎಂದು ಹೇಳುತ್ತದೆ, ಇಂಟರ್ನೆಟ್ ಬೇಡ. ಅಸಲಿಯೋ ನಕಲಿಯೋ ಎಂದು ಮಾತ್ರ ಅದು ಹೇಳುವುದಿಲ್ಲ. ಯುಪಿಐನಲ್ಲಿ ಕಳಿಸಿದೆ ಎಂದು ಸ್ಕ್ರೀನ್‌ಶಾಟ್ ಹಾಕಿದರೆ ನಂಬಬೇಡಿ, ಬ್ಯಾಲೆನ್ಸ್ ಕೇಳಿ ನೋಡಿ. "ದುಡ್ಡು ಬರಲು ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ತಕ್ಷಣ ಫೋನ್ ಇಡಿ. ಪಿನ್ ಬೇಕಾಗುವುದು ದುಡ್ಡು ಕಳಿಸಲು, ಬ್ಯಾಲೆನ್ಸ್ ನೋಡಲು. ಪಡೆಯಲು ಅಲ್ಲ.