ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು

ಮಳೆಗಾಲ ಬಂತೆಂದರೆ ಹಾಸನದ ನನ್ನ ರಿಪೇರಿ ಅಂಗಡಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: "ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ಏನೂ ಕಾಣುವುದಿಲ್ಲ." ಸಕಲೇಶಪುರ, ಮೂಡಿಗೆರೆ ಕಡೆಯಿಂದ ತರುವವರೇ ಹೆಚ್ಚು. ಬಹಳ ಮಂದಿ ಅದಾಗಲೇ ಮದರ್‌ಬೋರ್ಡ್ ಹೋಗಿದೆ ಎಂದು ನಂಬಿಕೊಂಡು ಬಂದಿರುತ್ತಾರೆ. ಮೊದಲು ಮೆಮೊರಿಯನ್ನು ನೋಡೋಣ ಎಂದು ನಾನೇಕೆ ಹೇಳುತ್ತೇನೆ ಎಂಬುದಕ್ಕೆ, ಜರ್ಮನಿಯಲ್ಲಿ ಓದುತ್ತಿದ್ದಾಗ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿಯ ಲ್ಯಾಪ್‌ಟಾಪ್ ಒಳ್ಳೆಯ ಉದಾಹರಣೆ.

ಅವಳೂ ಮೂಡಿಗೆರೆಯವಳೇ, ನನಗಿಂತ ಚಿಕ್ಕವಳು. ಗ್ರಂಥಾಲಯದಿಂದ ಕಲ್ಲು ಹಾಸಿದ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದಳು, ಲ್ಯಾಪ್‌ಟಾಪ್ ಬೆನ್ನ ಚೀಲದಲ್ಲಿತ್ತು. ಮರುದಿನ ಭಾನುವಾರ ಬೆಳಿಗ್ಗೆ ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಅವಳು ಪ್ರಬಂಧ ಒಪ್ಪಿಸಬೇಕಿತ್ತು.

"ಅಕ್ಕಾ, ಬರೆದಿದ್ದೆಲ್ಲ ಇದರಲ್ಲೇ ಇದೆ" ಎಂದಳು. ಧ್ವನಿ ನಡುಗುತ್ತಿತ್ತು.

"ನೀನು ಬರೆದದ್ದು ಎಸ್‌ಎಸ್‌ಡಿಯಲ್ಲಿದೆ, ಈಗ ಕಾಣುತ್ತಿರುವ ತೊಂದರೆ ಬಹುಶಃ ಅಲ್ಲಿಯದಲ್ಲ. ನೀರು, ಕಾಫಿ ಏನಾದರೂ ಚೆಲ್ಲಿತ್ತೇ?" ಎಂದು ಕೇಳಿದೆ. ಚೆಲ್ಲಿರಲಿಲ್ಲ. ಚೆಲ್ಲಿದ್ದರೆ ನಾನು ಮತ್ತೆ ಆನ್ ಮಾಡಲು ಬಿಡುತ್ತಲೇ ಇರಲಿಲ್ಲ.

ಮುಚ್ಚಳ ಬಿಚ್ಚುವ ಮೊದಲು ತಿಳಿಯಬೇಕಾದದ್ದು ಒಂದಿತ್ತು. ಯಂತ್ರವೇ ಏಳುತ್ತಿಲ್ಲವೋ, ಅಥವಾ ಎದ್ದಿದ್ದರೂ ಚಿತ್ರ ಕಾಣುತ್ತಿಲ್ಲವೋ? ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀಲಿ ಒತ್ತಿದೆ. ಒತ್ತಿದಂತೆಲ್ಲ ಅದರ ದೀಪ ಹತ್ತಿ ಆರಿದರೆ ಒಳಗೆ ಕೆಲಸ ನಡೆಯುತ್ತಿದೆ, ದೋಷವನ್ನು ಪರದೆಯಲ್ಲೋ ಅದರ ಕೇಬಲ್ಲಿನಲ್ಲೋ ಹುಡುಕಬೇಕು ಎಂದರ್ಥ. ಇಲ್ಲಿ ನಾನು ಒತ್ತಿದ್ದಕ್ಕೆ ದೀಪ ಓಗೊಡಲಿಲ್ಲ. ಬದಲಿಗೆ ತನ್ನಷ್ಟಕ್ಕೆ ಕೆಲವು ಸಲ ಮಿನುಗಿ, ನಿಂತು, ಮತ್ತೆ ಅಷ್ಟೇ ಸಲ ಮಿನುಗುತ್ತಿತ್ತು. ಅನೇಕ ಲ್ಯಾಪ್‌ಟಾಪ್‌ಗಳು ತಮ್ಮ ದೋಷವನ್ನು ಹೀಗೆ ಎಣಿಸಿ ಹೇಳುತ್ತವೆ. ಕೆಲವು ಬೀಪ್ ಸದ್ದು ಮಾಡುತ್ತವೆ. ಎಣಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಮೊಬೈಲಿನಲ್ಲಿ ಆ ಮಾದರಿಯ ಕೈಪಿಡಿ ತೆರೆದು ನೋಡಿದೆವು: ಮೆಮೊರಿ ದೋಷ. ಖಚಿತಪಡಿಸಿಕೊಳ್ಳಲು ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದೆ. ಅಲ್ಲಿಯೂ ಚಿತ್ರ ಬರಲಿಲ್ಲ.

ಯಂತ್ರ ಏಳುವಾಗ ಮೊದಮೊದಲು ಸಿದ್ಧವಾಗಬೇಕಾದದ್ದೇ ಈ ಮೆಮೊರಿ, ಅಂದರೆ ರ‍್ಯಾಮ್. ಅದು ಸಿಗದಿದ್ದರೆ ಪರದೆಯ ಮೇಲೆ ಕಂಪನಿಯ ಲಾಂಛನವೂ ಮೂಡುವುದಿಲ್ಲ. ಆದ್ದರಿಂದಲೇ ಇಷ್ಟು ಸಣ್ಣ ಸಂಪರ್ಕ ದೋಷವೂ ಇಡೀ ಲ್ಯಾಪ್‌ಟಾಪ್ ಸತ್ತಂತೆ ಕಾಣಿಸಿಬಿಡುತ್ತದೆ.

"ಇದನ್ನು ಮೊದಲು ಯಾರಾದರೂ ಬಿಚ್ಚಿದ್ದರೇ?"

"ಹೊರಡುವ ಮೊದಲು ಅಪ್ಪ ಊರಿನಲ್ಲಿ ಇನ್ನೊಂದು ಎಂಟು ಜಿಬಿ ಹಾಕಿಸಿದ್ದರು."

ಅಲ್ಲಿಗೆ ನನ್ನ ಅನುಮಾನ ಬಲವಾಯಿತು. ಚಾರ್ಜರ್ ತೆಗೆದು, ಯಂತ್ರವನ್ನು ಕವುಚಿ ಹಾಕಿ, ಪಕ್ಕದ ಮನೆಯವರಿಂದ ತಂದ ಸಣ್ಣ ನಕ್ಷತ್ರ ಸ್ಕ್ರೂಡ್ರೈವರ್‌ನಿಂದ ತಳದ ಸ್ಕ್ರೂಗಳನ್ನು ಬಿಚ್ಚಿದೆ. ಅವೆಲ್ಲ ಒಂದೇ ಉದ್ದದವಲ್ಲ. ಉದ್ದನೆಯದನ್ನು ಗಿಡ್ಡನೆಯದರ ಜಾಗಕ್ಕೆ ಬಿಗಿದರೆ ಮೇಲ್ಭಾಗವನ್ನು ಚುಚ್ಚಿ ಒಡೆಯಬಹುದು. ಹಾಗಾಗಿ ಕಾಗದದ ಮೇಲೆ ತಳದ ಚಿತ್ರ ಬರೆದು, ಆಯಾ ಸ್ಕ್ರೂವನ್ನು ಆಯಾ ಜಾಗದಲ್ಲೇ ಇಟ್ಟೆ. ಅಂಚಿನ ಕೊಕ್ಕೆಗಳನ್ನು ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕಾಯಿತು. ಲೋಹದ ಚೂಪು ವಸ್ತು ಒಳಗೆ ಜಾರಿದರೆ ಅನಾಹುತ.

ಚಳಿಗಾಲವಾದ್ದರಿಂದ ಹೀಟರ್ ಉರಿಯುತ್ತಿತ್ತು, ಕೋಣೆಯ ಗಾಳಿ ಬಹಳ ಒಣಗಿತ್ತು. ಅಂಥಲ್ಲಿ ಉಣ್ಣೆಯ ಸ್ವೆಟರ್ ತೆಗೆದರೆ ಚಿಟಿಚಿಟಿ ಕಿಡಿ ಹಾರುತ್ತದೆ; ನಮ್ಮ ಅರಿವಿಗೇ ಬಾರದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೊಲ್ಲಬಲ್ಲದು. ಸ್ವೆಟರ್ ಕಳಚಿಟ್ಟು, ಬಣ್ಣ ಬಳಿಯದ ಹೀಟರ್ ಕೊಳವೆಯನ್ನು ಮುಟ್ಟಿ ಬಂದು ಕುಳಿತೆ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು, ಏಕೆಂದರೆ ಆಫ್ ಆಗಿರುವ ಲ್ಯಾಪ್‌ಟಾಪಿನ ಬೋರ್ಡಿನಲ್ಲೂ ಬ್ಯಾಟರಿಯಿಂದ ವಿದ್ಯುತ್ ಇರುತ್ತದೆ. ಉಳಿದದ್ದೂ ಖಾಲಿಯಾಗಲೆಂದು ಪವರ್ ಗುಂಡಿಯನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿದೆ.

ಎರಡು ರ‍್ಯಾಮ್‌ಗಳಿದ್ದವು. ಒಂದು ನೆಟ್ಟಗೆ ಕುಳಿತಿತ್ತು. ಆಮೇಲೆ ಹಾಕಿಸಿದ್ದರ ಒಂದು ಬದಿಯ ಕ್ಲಿಪ್ ಮಾತ್ರ ತನ್ನ ಕಚ್ಚಿಗೆ ಕೂತಿತ್ತು, ಇನ್ನೊಂದು ಅಂಚಿಗೆ ತಾಗಿ ನಿಂತಿತ್ತು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಚಿನ್ನದ ಬಣ್ಣದ ಪಿನ್ನುಗಳ ಸಾಲು ಸ್ಲಾಟಿನಿಂದ ಓರೆಯಾಗಿ ಹೊರಗೆ ಕಾಣುತ್ತಿತ್ತು: ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಬರುಬರುತ್ತಾ ಅಗಲ. ಸರಿಯಾಗಿ ಕೂತಿದ್ದರೆ ಆ ಗೆರೆ ಎರಡೂ ತುದಿಯಲ್ಲಿ ಸಮನಾಗಿರಬೇಕು. ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮಿಗೆ 260 ಪಿನ್ನುಗಳು. ಅವುಗಳಲ್ಲಿ ಕೆಲವೇ ಕೆಲವು ಸರಿಯಾಗಿ ತಾಗದಿದ್ದರೂ ಯಂತ್ರ ಏಳದಿರಬಹುದು. ಇಷ್ಟು ದಿನ ಹೇಗೋ ತಾಗಿಕೊಂಡಿದ್ದದ್ದನ್ನು ಸೈಕಲ್ಲಿನ ಕುಲುಕಾಟ ತಪ್ಪಿಸಿತ್ತು.

ಎರಡೂ ಬದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ತಾನಾಗಿಯೇ ಮೇಲಕ್ಕೆದ್ದು ಓರೆಯಾಗಿ ನಿಲ್ಲುತ್ತದೆ. ಅಂಚು ಹಿಡಿದು ಎಳೆದುಕೊಂಡು, ಪಿನ್ನುಗಳನ್ನು ಕನ್ನಡಕದ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಇದ್ದಿದ್ದರೆ ಅದನ್ನೇ ಬಳಸುತ್ತಿದ್ದೆ. ನಮ್ಮಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ನನಗೆ ಅದು ಇಷ್ಟವಿಲ್ಲ: ಚಿನ್ನದ ಲೇಪನ ಬಹಳ ತೆಳು, ರಬ್ಬರ್ ಅದನ್ನು ಸವೆಸುತ್ತದೆ, ಪುಡಿ ಬೇರೆ ಸ್ಲಾಟಿಗೆ ಬೀಳುತ್ತದೆ. ತೆಗೆದು ಹಾಕುವಾಗಲೇ ಪಿನ್ನುಗಳು ಒಂದಕ್ಕೊಂದು ಉಜ್ಜಿಕೊಂಡು ಸಾಕಷ್ಟು ಶುಚಿಯಾಗುತ್ತವೆ.

ಮೊದಲು ನೆಟ್ಟಗಿದ್ದ ಒಂದನ್ನೇ ಉಳಿಸಿ, ಬ್ಯಾಟರಿ ಜೋಡಿಸಿ ಆನ್ ಮಾಡಿದೆ. ಪರದೆ ಕಪ್ಪಾಗಿಯೇ ಇತ್ತು. ಅವಳು ನನ್ನ ತೋಳು ಹಿಡಿದುಕೊಂಡಳು. "ತಾಳು, ರ‍್ಯಾಮ್ ಬದಲಾದಾಗ ಯಂತ್ರ ಅದನ್ನು ಮೊದಲಿಂದ ಅಳೆದು ಹೊಂದಿಸಿಕೊಳ್ಳುತ್ತದೆ" ಎಂದೆ. ಈ ಹೊತ್ತಿನಲ್ಲೇ ಎಷ್ಟೋ ಜನ ಸೋತು ಆಫ್ ಮಾಡಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಲಾಂಛನ ಮೂಡಿತು, ಹಿಂದೆಯೇ ಅವಳ ಮನೆಯ ಕಾಫಿ ಕಣದ ಚಿತ್ರ. ಪ್ರಬಂಧವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಸಿಕೊಂಡ ಮೇಲೆಯೇ ಆಫ್ ಮಾಡಿ, ಬ್ಯಾಟರಿ ಮತ್ತೆ ಬಿಡಿಸಿ, ಎರಡನೆಯದಕ್ಕೆ ಕೈ ಹಾಕಿದೆ. ಕಚ್ಚು ಹೊಂದಿಸಿ, ಓರೆಯಾಗಿ ಪೂರ್ತಿ ಒಳಕ್ಕೆ ನೂಕಿ, ಆಮೇಲೆ ಕೆಳಕ್ಕೆ ಒತ್ತಿದೆ. ಎರಡೂ ಬದಿಯಿಂದ ಟಕ್ ಎಂದಿತು. ಒಳಕ್ಕೆ ಪೂರ್ತಿ ನೂಕದೆ ಕೆಳಕ್ಕೆ ಒತ್ತಿದರೆ ಒಂದೇ ಬದಿ ಕಚ್ಚುತ್ತದೆ, ಅವಳ ಯಂತ್ರದಲ್ಲಿ ಆಗಿದ್ದದ್ದೂ ಹಾಗೆಯೇ. ಈ ಸಲ ಹದಿನಾರು ಜಿಬಿ ತೋರಿಸಿತು.

ಎದ್ದ ಮಾತ್ರಕ್ಕೆ ರ‍್ಯಾಮ್ ಚೆನ್ನಾಗಿದೆ ಎನ್ನಲಾಗದು. ವಿಂಡೋಸ್‌ನಲ್ಲಿ ಇದನ್ನು ಟೈಪ್ ಮಾಡಿ ಪರೀಕ್ಷೆಗೆ ಬಿಟ್ಟೆವು:

```
mdsched.exe
```

ದೋಷವೇನೂ ಸಿಗಲಿಲ್ಲ. ಸಿಕ್ಕಿದ್ದರೆ ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟಿಗೆ ಹಾಕಿ ನೋಡುತ್ತಿದ್ದೆ. ದೋಷ ರ‍್ಯಾಮಿನ ಜೊತೆ ಸಾಗಿದರೆ ರ‍್ಯಾಮ್ ಬದಲಿಸಬೇಕು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನ ಕೆಲಸ.

ನಮ್ಮ ಮಲೆನಾಡಿನಲ್ಲಿ ಕ್ಲಿಪ್ ಸರಿಯಿದ್ದರೂ ಇದೇ ತೊಂದರೆ ಬರುತ್ತದೆ. ವಾರಗಟ್ಟಲೆ ಮಳೆ ಹಿಡಿದಾಗ ಬಳಸದೆ ಇಟ್ಟ ಯಂತ್ರದ ಪಿನ್ನುಗಳ ಮೇಲೆ ಮಬ್ಬು ಪೊರೆ ಕಟ್ಟುತ್ತದೆ, ಅದನ್ನು ಆಲ್ಕೋಹಾಲ್ ಹಾಕಿ ಒರೆಸಲೇಬೇಕು. ಹಸಿರು ತುಕ್ಕು ಕಂಡರೆ ನೀರು ಒಳಗೆ ಹೋಗಿದೆ ಎಂದು ತಿಳಿದು ಇಡೀ ಬೋರ್ಡನ್ನು ನೋಡುತ್ತೇನೆ. ತೆಳ್ಳನೆಯ ಹೊಸ ಮಾದರಿಗಳಲ್ಲಿ ಅನೇಕಕ್ಕೆ ಸ್ಲಾಟೇ ಇಲ್ಲ, ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದು ಬಂದರೆ ಬಿಸಿಗಾಳಿಯ ಯಂತ್ರವಿರುವ ಚಿಪ್ ಕೆಲಸದವರ ಬಳಿಗೆ ಕಳುಹಿಸುತ್ತೇನೆ.